ರಾಗಿಗೆ ಎಕರೆಗೆ 75 ಕೆಜಿ ಯೂರಿಯಾ ಬೇಕೇ? ಫಾರ್ವರ್ಡ್ ಆಗಿ ಬಂದ ಬೆಳೆ ಯೋಜನೆಯನ್ನು ಪರೀಕ್ಷಿಸುವುದು ಹೀಗೆ

ಮುಂಗಾರು ಶುರುವಾಯಿತೆಂದರೆ ತುಮಕೂರು ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಬೆಳೆ ಯೋಜನೆಗಳು ಓಡಾಡತೊಡಗುತ್ತವೆ. ಒಂದು ಚಿತ್ರ, ಅದರಲ್ಲೊಂದು ಪಟ್ಟಿ. ಉದಾಹರಣೆಗೆ ಇಂಥ ಪಟ್ಟಿಯೊಂದು ನಿಮ್ಮ ಫೋನಿಗೆ ಬಂತು ಎಂದಿಟ್ಟುಕೊಳ್ಳೋಣ: "ಮಳೆಯಾಶ್ರಿತ ರಾಗಿ, ಎಕರೆಗೆ: ಯೂರಿಯಾ 75 ಕೆಜಿ, ಡಿಎಪಿ 87 ಕೆಜಿ, ಪೊಟ್ಯಾಷ್ 62 ಕೆಜಿ, ಬಿತ್ತನೆ ಬೀಜ 12 ಕೆಜಿ." ಅಂಕಿಗಳು ದುಂಡಗಿಲ್ಲ, 87, 62 ಅಂತ ಇವೆ. ಹಾಗಾಗಿ ಯಾರೋ ತಿಳಿದವರೇ ಲೆಕ್ಕ ಹಾಕಿದ್ದಾರೆ ಅನ್ನಿಸುತ್ತದೆ. ಲೆಕ್ಕ ಹಾಕಿದ್ದಾರೆ ನಿಜ. ಆದರೆ ಅದು ಎಕರೆಯ ಲೆಕ್ಕವೇ ಎಂಬುದನ್ನು ನೋಡಬೇಕು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲಿ ಮಳೆಯಾಶ್ರಿತ ರಾಗಿಗೆ ಸಾರಜನಕ, ರಂಜಕ, ಪೊಟ್ಯಾಷ್ ಪ್ರಮಾಣ 50:40:37.5 ಕೆಜಿ. ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಇದು ಹೆಕ್ಟೇರಿಗೆ ಹೇಳಿದ್ದು, ಎಕರೆಗಲ್ಲ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಎರಡು, ಇದು ಪೋಷಕಾಂಶದ ತೂಕ, ಗೊಬ್ಬರದ ತೂಕವಲ್ಲ. 50 ಕೆಜಿ ಸಾರಜನಕ ಬೇರೆ, 50 ಕೆಜಿ ಯೂರಿಯಾ ಬೇರೆ. ಎರಡೂವರೆಯಿಂದ ಭಾಗಿಸಿದರೆ ಎಕರೆಗೆ ಬರುವುದು 20:16:15.

ಈಗ ಪಟ್ಟಿಯನ್ನು ಹಿಂದಕ್ಕೆ ಬಿಚ್ಚಿ ನೋಡೋಣ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಡಿಎಪಿಯಲ್ಲಿ 18 ಪಾಲು ಸಾರಜನಕ, 46 ಪಾಲು ರಂಜಕ. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ 60 ಪಾಲು ಪೊಟ್ಯಾಷ್. 75 ಕೆಜಿ ಯೂರಿಯಾದಿಂದ 34.5 ಕೆಜಿ, 87 ಕೆಜಿ ಡಿಎಪಿಯಿಂದ 15.7 ಕೆಜಿ, ಒಟ್ಟು ಸಾರಜನಕ 50 ಕೆಜಿ. ಡಿಎಪಿಯ ರಂಜಕ 40 ಕೆಜಿ. 62 ಕೆಜಿ ಪೊಟ್ಯಾಷ್ ಗೊಬ್ಬರದಿಂದ ಸುಮಾರು 37 ಕೆಜಿ. ಅಂದರೆ ಶಿಫಾರಸಿನ 50:40:37.5 ಹಾಗೇ ಎದ್ದು ಬಂತು. ಪಟ್ಟಿ ಮಾಡಿದವರು ಲೆಕ್ಕದಲ್ಲಿ ತಪ್ಪಿಲ್ಲ, ಮೇಲಿನ ಒಂದು ಪದದಲ್ಲಿ ತಪ್ಪಿದ್ದಾರೆ. ಹೆಕ್ಟೇರ್ ಇರಬೇಕಾದ ಕಡೆ ಎಕರೆ ಎಂದಿದೆ. ಬೀಜವೂ ಅಷ್ಟೇ. ಕೂರಿಗೆ ಬಿತ್ತನೆಗೆ ಎಕರೆಗೆ 4ರಿಂದ 5 ಕೆಜಿ ಸಾಕು. 12 ಕೆಜಿ ಎಂಬುದು ಹೆಕ್ಟೇರಿನ ಬೀಜ.

"ನಮ್ಮದು ನೀರಾವರಿ, ನಮಗೆ ಜಾಸ್ತಿಯೇ ಬೇಕು" ಎಂದು ಹೇಮಾವತಿ ನಾಲೆ ಹಾಯುವ ಗುಬ್ಬಿ, ಕುಣಿಗಲ್ ಕಡೆಯವರು ಹೇಳಬಹುದು. ನೀರಾವರಿ ರಾಗಿಯ ಶಿಫಾರಸು ಹೆಕ್ಟೇರಿಗೆ 100:50:50, ಎಕರೆಗೆ 40:20:20. ಪಟ್ಟಿ ಕೊಡುವ ಸಾರಜನಕ ಅದನ್ನೂ ಮೀರಿದೆ, ರಂಜಕವಂತೂ ಅದರ ಎರಡರಷ್ಟು.

ಹಾಗಾದರೆ ಮಳೆಯಾಶ್ರಿತ ರಾಗಿಗೆ ಎಕರೆಗೆ ಎಷ್ಟು? ಲೆಕ್ಕವನ್ನು ಯಾವಾಗಲೂ ರಂಜಕದಿಂದ ಶುರು ಮಾಡಬೇಕು, ಏಕೆಂದರೆ ಡಿಎಪಿ ತನ್ನ ಜೊತೆ ಸಾರಜನಕವನ್ನೂ ತರುತ್ತದೆ. 16 ಕೆಜಿ ರಂಜಕಕ್ಕೆ 35 ಕೆಜಿ ಡಿಎಪಿ. ಅದರಲ್ಲಿ ಸುಮಾರು 6 ಕೆಜಿ ಸಾರಜನಕ ಬಂದಾಯಿತು. ಉಳಿದ 14 ಕೆಜಿಗೆ ಯೂರಿಯಾ 30 ಕೆಜಿ. ಪೊಟ್ಯಾಷ್ 25 ಕೆಜಿ. ಯೂರಿಯಾ ಪೂರ್ತಿ ಒಮ್ಮೆಗೇ ಅಲ್ಲ. ಸಾರಜನಕದ ಅರ್ಧ ಬಿತ್ತುವಾಗ, ಇನ್ನರ್ಧ ಮೂರು-ನಾಲ್ಕು ವಾರ ಕಳೆದು ನೆಲದಲ್ಲಿ ತೇವ ಇರುವಾಗ. ಹಾಗಾಗಿ ಬಿತ್ತನೆ ದಿನ ಡಿಎಪಿ ಜೊತೆ 8 ಕೆಜಿ ಯೂರಿಯಾ, ಮೇಲುಗೊಬ್ಬರಕ್ಕೆ 22 ಕೆಜಿ.

ಡಿಎಪಿಯ ಸಾರಜನಕವನ್ನು ಕಳೆಯಲು ಮರೆಯುವುದು ಎರಡನೇ ಸಾಮಾನ್ಯ ತಪ್ಪು. ಮೂರನೆಯದು ಅಂಗಡಿಯಲ್ಲಿ ಆಗುತ್ತದೆ. ಡಿಎಪಿ ಇಲ್ಲ, 10:26:26 ಇದೆ, "ಚೀಲಕ್ಕೆ ಚೀಲ ಹಾಕಿ" ಅನ್ನುತ್ತಾರೆ. ಹಾಗೆ ಮಾಡಿದರೆ ರಂಜಕ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ, ಮೇಲೆ ಪೊಟ್ಯಾಷ್ ಎರಡು ಸಲ ಕೊಟ್ಟಂತಾಗುತ್ತದೆ. 16 ಕೆಜಿ ರಂಜಕಕ್ಕೆ ಆ ಗೊಬ್ಬರ 61 ಕೆಜಿ ಬೇಕು. ಅದರಲ್ಲೇ 16 ಕೆಜಿ ಪೊಟ್ಯಾಷ್ ಇರುವುದರಿಂದ ಬೇರೆ ಪೊಟ್ಯಾಷ್ ಚೀಲ ಕೊಳ್ಳಬೇಕಿಲ್ಲ. ಯೂರಿಯಾ ಅದೇ 30 ಕೆಜಿ.

ಪಹಣಿಯ 1-30 ಎಂದರೆ 1.30 ಎಕರೆ ಅಲ್ಲ

ಎಕರೆಯ ಲೆಕ್ಕ ಸರಿಯಾದರೂ ಜಮೀನಿನ ಲೆಕ್ಕ ತಪ್ಪಬಹುದು, ಮತ್ತು ಇದು ಕ್ಯಾಲ್ಕುಲೇಟರ್ ಬಂದ ಮೇಲೆ ಹೆಚ್ಚಾಗಿದೆ ಎಂದು ನಮ್ಮ ಅನಿಸಿಕೆ. ಪಹಣಿಯಲ್ಲಿ ವಿಸ್ತೀರ್ಣ ಎಕರೆ-ಗುಂಟೆಯಲ್ಲಿರುತ್ತದೆ. ಎಕರೆಗೆ 40 ಗುಂಟೆ. ಒಬ್ಬ ರೈತರ ಪಹಣಿಯಲ್ಲಿ ಒಟ್ಟು 1 ಎಕರೆ 32 ಗುಂಟೆ, ಅದರಲ್ಲಿ 2 ಗುಂಟೆ ಖರಾಬು ಎಂದುಕೊಳ್ಳಿ. ಉಳಿದದ್ದು 1-30. ಫೋನಿನಲ್ಲಿ 1.30 ಎಂದು ಒತ್ತಿದರೆ ತಪ್ಪು. 30 ಗುಂಟೆ ಅಂದರೆ ಮುಕ್ಕಾಲು ಎಕರೆ, ಆದ್ದರಿಂದ ಅದು 1.75. ಎಲ್ಲವನ್ನೂ ಮೊದಲು ಗುಂಟೆ ಮಾಡಿಕೊಳ್ಳುವುದು ಕ್ಷೇಮ: 40 ಮತ್ತು 30 ಸೇರಿ 70 ಗುಂಟೆ, ಅದನ್ನು 40ರಿಂದ ಭಾಗಿಸಿ.

ಪಹಣಿಯಲ್ಲಿರುವುದೆಲ್ಲ ರಾಗಿ ಹೊಲವೂ ಅಲ್ಲ. ನಮ್ಮ ಕಡೆ ಹೊಲದ ಒಂದು ಮೂಲೆಯಲ್ಲಿ ತೆಂಗು ಇಲ್ಲದಿದ್ದರೆ ಆಶ್ಚರ್ಯ. ಈ 70 ಗುಂಟೆಯಲ್ಲಿ 10 ಗುಂಟೆ ತೆಂಗು ಮತ್ತು ಬದುವಿಗೆ ಹೋದರೆ ಕೂರಿಗೆ ಓಡುವುದು 60 ಗುಂಟೆಯಲ್ಲಿ, ಅಂದರೆ ಒಂದೂವರೆ ಎಕರೆ. ಇದಕ್ಕೆ ಡಿಎಪಿ 52 ಕೆಜಿ, ಯೂರಿಯಾ 45 ಕೆಜಿ, ಪೊಟ್ಯಾಷ್ 37.5 ಕೆಜಿ, ಬೀಜ 6ರಿಂದ 7.5 ಕೆಜಿ. ಯೂರಿಯಾ ಚೀಲ ಈಗ 45 ಕೆಜಿಯದು, ಡಿಎಪಿ 50 ಕೆಜಿಯದು. ಹಾಗಾಗಿ ತಲಾ ಒಂದು ಚೀಲ, ಮತ್ತು ಮುಕ್ಕಾಲು ಚೀಲ ಪೊಟ್ಯಾಷ್. ತೊಗರಿ, ಅವರೆಯ ಅಕ್ಕಡಿ ಸಾಲು ಹಾಕುವವರಿಗೆ ರಾಗಿ ಬೀಜ ಇನ್ನಷ್ಟು ಇಳಿಯುತ್ತದೆ.

ಫಾರ್ವರ್ಡ್ ಪಟ್ಟಿಯನ್ನು 1.30 ಎಕರೆಗೆ ಗುಣಿಸಿದ್ದರೆ? ಡಿಎಪಿ 113 ಕೆಜಿ, ಯೂರಿಯಾ 97 ಕೆಜಿ, ಎರಡೂ ಎರಡು ಚೀಲಕ್ಕಿಂತ ಹೆಚ್ಚು. ಜಮೀನನ್ನು ಕಡಿಮೆ ಬರೆದುಕೊಂಡ ಮೇಲೂ ಇಷ್ಟು. ಚೀಲಕ್ಕೆ 1,350 ರೂಪಾಯಿಯಂತೆ ಹಿಡಿದರೆ ಡಿಎಪಿ ಒಂದರಲ್ಲೇ ಸುಮಾರು 1,650 ರೂಪಾಯಿ ಹೆಚ್ಚಿಗೆ ಹೋಗುತ್ತದೆ.

ಹಣ ಹೋಗಲಿ, ಬೆಳೆ ಚೆನ್ನಾಗಿ ಬರುತ್ತದಲ್ಲ ಎಂದರೆ ಅದೂ ಇಲ್ಲ. ಸಾರಜನಕ ಹೆಚ್ಚಾದ ರಾಗಿ ಕಡುಹಸಿರಾಗಿ ಸೊಂಪಾಗಿ ಎದ್ದು, ತೆನೆ ಕಟ್ಟುವ ಹೊತ್ತಿಗೆ ಗಾಳಿಮಳೆಗೆ ಮಲಗುತ್ತದೆ. ಬೆಂಕಿರೋಗವೂ ಅಂಥ ಪೈರಿಗೇ ಬೇಗ ತಗಲುತ್ತದೆ. ಬೀಜ ಹೆಚ್ಚಾದರೆ ಪೈರು ಒತ್ತಾಗಿ, ತೆಂಡೆ ಒಡೆಯದೆ ಸಣಕಲಾಗುತ್ತದೆ. ಸಾವಿರ ರಾಗಿ ಕಾಳಿನ ತೂಕ ಸುಮಾರು 3 ಗ್ರಾಂ, ಹಾಗಾಗಿ 5 ಕೆಜಿಯಲ್ಲೇ ಹದಿನಾರು ಲಕ್ಷ ಕಾಳು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಬಿಟ್ಟರೆ ಎಕರೆಯಲ್ಲಿ ನಿಲ್ಲುವ ಗಿಡ ಒಂದೂಮೂರು ಲಕ್ಷ ಚಿಲ್ಲರೆ ಅಲ್ಲ, ಸರಿಯಾಗಿ ಹೇಳಬೇಕೆಂದರೆ 1.35 ಲಕ್ಷ. ಮೊಳೆಯದೆ ಹೋಗುವ, ಕುಂಟೆಗೆ ಸಿಕ್ಕಿ ಹೋಗುವ ಕಾಳಿಗೆಲ್ಲ 5 ಕೆಜಿಯಲ್ಲೇ ಧಾರಾಳ ಜಾಗ ಇದೆ.

ಈ ಲೆಕ್ಕಕ್ಕೊಂದು ಮಿತಿಯೂ ಇದೆ. 20:16:15 ಎಂಬುದು ಸಾಮಾನ್ಯ ಶಿಫಾರಸು, ನಿಮ್ಮ ಹೊಲದ ಮಣ್ಣನ್ನು ನೋಡಿ ಹೇಳಿದ್ದಲ್ಲ. ಮಣ್ಣು ಆರೋಗ್ಯ ಚೀಟಿಯಲ್ಲಿ ರಂಜಕ ಹೆಚ್ಚು ಎಂದು ಬಂದಿದ್ದರೆ ಡಿಎಪಿ ಇನ್ನೂ ಇಳಿಸಬಹುದು. ಆ ಚೀಟಿಯ ಅಂಕಿಗಳೂ ಹೆಕ್ಟೇರಿನವೇ ಎಂಬುದನ್ನು ಮರೆಯಬೇಡಿ. ಎಷ್ಟು ಇಳಿಸಬೇಕೆಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ತಿಪಟೂರಿನ ಕೊನೆಹಳ್ಳಿ ಅಥವಾ ತುಮಕೂರಿನ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಚೀಟಿ ತೋರಿಸಿ ಕೇಳಬಹುದು. ಹೋಗುವಾಗ ಪಹಣಿಯ ಜೊತೆ, ಕೂರಿಗೆ ಓಡುವ ಜಾಗ ಎಷ್ಟು ಗುಂಟೆ ಎಂಬುದನ್ನೂ ಬರೆದುಕೊಂಡು ಹೋಗಿ.