ಬೀಗರು ‘ಸಂಬಂಧಿ’ಗಳಾದರೆ ಮುನಿಸು ಬಾರದೇ?

ಕೆ.ಜಿ.ಎಫ್. ಕಡೆ ಯಾರಾದರೂ ತೀರಿಕೊಂಡರೆ ಗೋಡೆ ಮೇಲೆ ತಮಿಳಿನ ‘ಕಣ್ಣೀರ್ ಅಂಜಲಿ’ ಪೋಸ್ಟರ್ ಬೀಳುತ್ತದೆ. ಅದನ್ನೇ ಫೋನಿನಲ್ಲಿ ಫೋಟೋ ಹಿಡಿದು, ಕನ್ನಡದಲ್ಲೂ ಒಂದು ಮಾಡಿಕೊಡಿ ಎಂದು ಫ್ಲೆಕ್ಸ್ ಅಂಗಡಿಗೆ ಕಳಿಸುವುದುಂಟು. ಎಡವಟ್ಟು ಶುರುವಾಗುವುದೇ ಅಲ್ಲಿ. ಎರಡೂ ಅಕ್ಕತಂಗಿ ಭಾಷೆ, ಅಕ್ಷರ ಬದಲಾಯಿಸಿದರೆ ಸಾಕು ಅನ್ನುವ ಧೈರ್ಯ!

ಐವತ್ತೆಂಟು ವರ್ಷದ ಗಂಡಸೊಬ್ಬರ ಪೋಸ್ಟರ್ ಅಂತ ಇಟ್ಟುಕೊಳ್ಳಿ. ಕೆಳಗೆ ದುಃಖತಪ್ತರ ಪಟ್ಟಿ: ಮನೈವಿ, ಮಗನ್, ಮರುಮಗನ್, ಮೈತ್ತುನರ್, ಸಂಬಂದಿ. ‘ಮನೈವಿ’ ಹೆಂಡತಿ, ಅಲ್ಲಿ ತಕರಾರಿಲ್ಲ. ‘ಮರುಮಗನ್’ ಕಂಡೊಡನೆ ‘ಮರಿಮಗ’ ಅಂತ ಬರೆದರೆ ಕೆಟ್ಟಿತು. ಅವರು ಅಳಿಯಂದಿರು. ಮರಿಮಗನಿಗೆ ತಮಿಳಿನಲ್ಲಿ ‘ಕೊಳ್ಳುಪ್ಪೇರನ್’ ಎಂಬ ಬೇರೆ ಮಾತೇ ಇದೆ. ಐವತ್ತೆಂಟರ ಮನುಷ್ಯನಿಗೆ ಮರಿಮಗ ಎಲ್ಲಿಂದ ಬಂದ ಅಂತ ಯೋಚಿಸಿದರೂ ತಪ್ಪು ಸಿಕ್ಕಿಬೀಳುತ್ತಿತ್ತು.

‘ಮೈತ್ತುನರ್’ ಎಂದರೆ ‘ಮೈದುನ’ ಅಂತ ಬರೆದುಬಿಡುತ್ತಾರೆ. ನಮ್ಮ ಕಡೆ ಮೈದುನ ಅಂದರೆ ಗಂಡನ ತಮ್ಮ. ಸತ್ತವರೇ ಗಂಡಸು, ಅವರಿಗೆ ಗಂಡನ ತಮ್ಮ ಹೇಗೆ? ಅಲ್ಲಿರುವುದು ಹೆಂಡತಿಯ ಅಣ್ಣತಮ್ಮಂದಿರು, ಇಲ್ಲವೇ ಅಕ್ಕತಂಗಿಯರ ಗಂಡಂದಿರು. ಯಾರೆಂದು ಮನೆಯವರನ್ನು ಕೇಳಿ ‘ಭಾವ’, ‘ಭಾವಮೈದುನ’ ಎಂದು ಹಾಕಬೇಕು.

ಎಲ್ಲಕ್ಕಿಂತ ನೋವು ಕೊಡುವುದು ‘ಸಂಬಂದಿ’. ತಮಿಳಿನಲ್ಲಿ ಅದು ಬೀಗರು, ಹೆಣ್ಣು ಕೊಟ್ಟು ತಂದ ಮನೆಯ ಹಿರಿಯರು. ಕನ್ನಡದಲ್ಲಿ ಸಂಬಂಧಿ ಅಂದರೆ ಯಾರೋ ನೆಂಟ. ಸಾವಿನ ಮನೆಗೆ ಮೊದಲು ಓಡಿಬಂದ ಬೀಗರ ಹೆಸರನ್ನು ದೂರದ ನೆಂಟರ ಸಾಲಿಗೆ ತಳ್ಳಿದರೆ, ಪೋಸ್ಟರ್ ಹರಿದುಹೋದರೂ ಮುನಿಸು ಹರಿಯುವುದಿಲ್ಲ.

ಇನ್ನು ಮರ್ಯಾದೆಯ ಮಾತು. ‘ಇಯರ್ಕೈ ಎಯ್ದಿನಾರ್’ ಎಂಬುದನ್ನು ‘ಪ್ರಕೃತಿಯನ್ನು ಪಡೆದರು’ ಎಂದರೆ ನಗೆಪಾಟಲು. ದೇವರ ಹೆಸರಿಲ್ಲದ ಆ ಮಾತಿಗೆ ‘ನಿಧನರಾದರು’ ಸರಿ. ‘ವೈಕುಂಠವಾಸಿ’ ಮಾಡುವ ಹಕ್ಕು ಅಂಗಡಿಯವನಿಗಿಲ್ಲ. ‘ಇರೈವನಡಿ ಸೇರ್ನ್ದಾರ್’ ಎಂದಿದ್ದರೆ ‘ದೈವಾಧೀನರಾದರು’ ಹಾಕಲಿ. ಕೊನೆಯ ‘ಆರ್’ ಗೌರವದ್ದು. ಕನ್ನಡದಲ್ಲೂ ‘ರು’ ಬಿಡಬಾರದು. ಫೋಟೋದ ಎರಡು ಬದಿಯ ‘ತೋಟ್ರಂ’, ‘ಮರೈವು’ ಎಂದರೆ ಜನನ, ಮರಣ, ಅಷ್ಟೇ.

ಹೆಸರಿನ ಗತಿಯೂ ಇದೇ. ತಮಿಳಿನಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ. ಭಾಸ್ಕರನ್ ಕನ್ನಡಕ್ಕೆ ಬರುವಾಗ ‘ಪಾಸ್ಕರನ್’ ಆಗುತ್ತಾರೆ. ಫೋಟೋ ನೋಡಿ ಇದನ್ನು ಎಲ್ಲ ಸಲವೂ ತಿಳಿಯಲಾಗದು; ಮನೆಯವರನ್ನೇ ಕೇಳಬೇಕು.

ಆದ್ದರಿಂದ ಅಚ್ಚಿಗೆ ಹಾಕುವ ಮುಂಚೆ ಅಂಗಡಿಯವರು ಪಟ್ಟಿಯನ್ನು ಮನೆಯ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಲಿ. ಐದು ನಿಮಿಷದ ಕೆಲಸ. ಅಂಗಡಿ ಮಾಲೀಕರು ಗಮನಿಸುವರೇ?