ಹೆಸರಿಲ್ಲದ ವರದಿಯಲ್ಲಿ ಯಾರ ಹೆಸರಿದೆ?

ಕಂಪನಿಯಲ್ಲಿ ಆಪ್ತಸಮಾಲೋಚನೆ ಶುರುವಾಗುವ ದಿನ ಎಚ್‌ಆರ್‌ನಿಂದ ಇಮೇಲ್ ಬರುತ್ತದೆ. 'ನಿಮ್ಮ ಮಾಹಿತಿ ಸಂಪೂರ್ಣ ಗೌಪ್ಯ' ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಅದನ್ನು ನಂಬದವರನ್ನು ನಾನಂತೂ ದೂರುವುದಿಲ್ಲ. ದುಡ್ಡು ಕೊಡುವವರು ಕಂಪನಿಯವರು. ಯಾರಿಗಾಗಿ ಕೊಟ್ಟೆವು ಎಂದು ಅವರು ಕೇಳದೆ ಬಿಡುತ್ತಾರೆಯೇ?

ಗುಟ್ಟು ಹೊರಬೀಳಲು ಸಮಾಲೋಚಕರು ಬಾಯಿ ಬಿಡಬೇಕಾಗಿಲ್ಲ, ಕಾಗದಪತ್ರವೇ ಸಾಕು. 400 ಜನರ ಒಂದು ಕಾರ್ಖಾನೆ ಇದೆ ಎಂದುಕೊಳ್ಳಿ. ಅದರ ಅಕೌಂಟ್ಸ್ ವಿಭಾಗದಲ್ಲಿ 6 ಮಂದಿ, ಅವರಲ್ಲಿ ಒಬ್ಬರೇ ಹೆಂಗಸು. ಸಮಾಲೋಚನೆ ನಡೆಸುವ ಹೊರಗಿನ ಸಂಸ್ಥೆ ತಿಂಗಳ ವರದಿಯಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆಯುವುದಿಷ್ಟೇ: 'ಅಕೌಂಟ್ಸ್, ಮಹಿಳೆ, ಕೌಟುಂಬಿಕ ಸಮಸ್ಯೆ, 3 ಭೇಟಿ.' ಇನ್ನು ಹೆಸರು ಯಾಕೆ ಬೇಕು? ಭೇಟಿಗಿಷ್ಟು ಎಂದು ಬಿಲ್ ಆದರಂತೂ ತಾಳೆ ನೋಡಲು ಎಂಪ್ಲಾಯೀ ನಂಬರ್ ಕೇಳುತ್ತಾರೆ. ಆ ಬಿಲ್ ಬಂದು ಬೀಳುವುದು ಆಕೆಯ ಪಕ್ಕದ ಮೇಜಿಗೆ.

ಹಾಗಾಗಿ ಪ್ರಕಟಣೆ ಬರೆಯುವ ಮೊದಲು ಒಪ್ಪಂದ ತಿದ್ದಬೇಕು. ಭೇಟಿಗಿಷ್ಟು ಬದಲು ತಲೆಗಿಷ್ಟು ಎಂದು ವರ್ಷದ ಶುಲ್ಕ ಕೊಟ್ಟರೆ ಯಾರು ಹೋದರು ಎಂಬ ಲೆಕ್ಕವೇ ಬೇಡ. ವರದಿ ಮೂರು ತಿಂಗಳಿಗೊಮ್ಮೆ, ಇಡೀ ಕಾರ್ಖಾನೆಯ ಒಟ್ಟು ಸಂಖ್ಯೆ ಮಾತ್ರ. ವಿಭಾಗವಾರು ವಿವರ ಬೇಡ. ವರದಿಯ ಖಾಲಿ ನಮೂನೆಯನ್ನೇ ಪ್ರಕಟಣೆಯ ಜೊತೆ ಲಗತ್ತಿಸಿ: 'ನಮ್ಮ ಕೈಗೆ ಬರುವುದು ಇದೊಂದೇ ಹಾಳೆ.' ಹೀಗೆ ಕಣ್ಣಿಗೆ ಕಂಡದ್ದನ್ನು ಜನ ನಂಬುತ್ತಾರೆ. ನೋಂದಣಿಗೆ ಕಂಪನಿಯ ಇಮೇಲ್ ಬೇಡ, ಸ್ವಂತ ಮೊಬೈಲ್ ಸಾಕು. ಶಿಫ್ಟ್ ಮುಗಿದ ಮೇಲೂ ಸಮಯ ಸಿಗಬೇಕು. ಇಲ್ಲದಿದ್ದರೆ ಗೇಟ್‌ಪಾಸ್‌ನಲ್ಲಿ ಕಾರಣ ಬರೆಯುವಾಗಲೇ ಗುಟ್ಟು ರಟ್ಟಾಗುತ್ತದೆ.

'ಸಂಪೂರ್ಣ' ಎಂಬುದನ್ನು ಮಾತ್ರ ಮೊದಲು ಹೊಡೆದುಹಾಕಿ, ಅದು ನಿಜವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಮಾನಸಿಕ ಕಾಯಿಲೆ ಇರುವವರಿಗೆ ಗೌಪ್ಯತೆಯ ಹಕ್ಕು ಕೊಡುತ್ತದೆ, ಅದರಲ್ಲೇ ವಿನಾಯಿತಿಗಳನ್ನೂ ಹೇಳುತ್ತದೆ: ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿಯ ಭಯ, ನ್ಯಾಯಾಲಯದ ಆದೇಶ ಇತ್ಯಾದಿ. ಸಮಾಲೋಚಕರೂ ಇಂಥ ಸಂದರ್ಭಗಳಲ್ಲಿ ಸುಮ್ಮನಿರಲಾರರು. ಹಾಗಾದಾಗ ಯಾರಿಗೆ ತಿಳಿಸುತ್ತಾರೆ? ಮನೆಯವರಿಗೋ ಆಸ್ಪತ್ರೆಗೋ, ಮ್ಯಾನೇಜರಿಗಂತೂ ಅಲ್ಲ ಎಂದು ಪ್ರಕಟಣೆಯಲ್ಲೇ ಬರೆಯಿರಿ. ಮಿತಿ ಮೊದಲೇ ಗೊತ್ತಿದ್ದರೆ ಸಾಲದ ಚಿಂತೆಯನ್ನೋ ಗಂಡನ ಕುಡಿತವನ್ನೋ ಹೇಳಿಕೊಳ್ಳಲು ಬಂದವರು ನಿರಾಳವಾಗಿ ಮಾತಾಡುತ್ತಾರೆ.

ಮ್ಯಾನೇಜರುಗಳಿಗೆ ಬೇರೆಯೇ ಪತ್ರ ಬೇಕು. 'ಹೋಗಿ ಕೌನ್ಸೆಲಿಂಗ್ ತಗೊಳ್ಳಿ' ಎಂದು ಕಳಿಸಿ, ಆಮೇಲೆ 'ಏನಂದ್ರು?' ಎಂದು ಕೇಳುವ ಒಬ್ಬ ಸಾಹೇಬರು ಸಾಕು, ಉಳಿದವರು ಆ ಕಡೆ ತಲೆ ಹಾಕುವುದಿಲ್ಲ.

ಇಷ್ಟಾದರೂ ಕೆಲವರು ನಂಬುವುದಿಲ್ಲ. ಅವರಿಗಾಗಿ ನೌಕರರಿಗೆ ಕಳಿಸುವ ಪ್ರಕಟಣೆಯ ಕೊನೆಗೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416 ಹಾಕಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆ ಕರೆಗೂ ಕಂಪನಿಗೂ ಸಂಬಂಧವೇ ಇಲ್ಲ.