ಐವತ್ತು ಪದದಲ್ಲಿ ಪೀಠಿಕೆಗೆ ಜಾಗವಿಲ್ಲ

ಪ್ರಬಂಧ ಎಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹೈಸ್ಕೂಲಿನಿಂದಲೂ ಕಲಿತು ಬಂದಿದ್ದೇವೆ. ಹೆಚ್ಚು ಪುಟ ತುಂಬಿಸಿದರೆ ಹೆಚ್ಚು ಅಂಕ ಎಂಬ ನಂಬಿಕೆಯೂ ನಮ್ಮಲ್ಲಿದೆ. ಕೆಲಸದ ಆನ್‌ಲೈನ್ ಅರ್ಜಿಯಲ್ಲಿ 'ನಮ್ಮ ಕಂಪನಿಯನ್ನೇ ಏಕೆ ಆರಿಸಿಕೊಂಡಿರಿ? 50 ಪದಗಳಲ್ಲಿ ಬರೆಯಿರಿ' ಎಂದು ಕೇಳಿದಾಗ ನಮಗೆ ಅಡ್ಡ ಬರುವುದು ಈ ಅಭ್ಯಾಸವೇ. ಅಲ್ಲಿ ಪೀಠಿಕೆ ಬರೆಯುವಷ್ಟರಲ್ಲಿ ಜಾಗ ಮುಗಿದಿರುತ್ತದೆ.

ನಾವು ಸಾಮಾನ್ಯವಾಗಿ ಬರೆಯುವ ಉತ್ತರ ಹೀಗಿರುತ್ತದೆ: 'ನಿಮ್ಮ ಕಂಪನಿ ದೇಶದ ಪ್ರತಿಷ್ಠಿತ ಕಂಪನಿಗಳಲ್ಲಿ ಒಂದು. ಇಲ್ಲಿ ಕೆಲಸ ಮಾಡುವುದು ನನ್ನ ಕನಸು. ಅವಕಾಶ ಕೊಟ್ಟರೆ ಶ್ರಮಪಟ್ಟು ಪ್ರಾಮಾಣಿಕವಾಗಿ ದುಡಿಯುತ್ತೇನೆ.' ಹದಿನಾರು ಪದ ಖರ್ಚಾಯಿತು. ಇದನ್ನೇ ಬ್ಯಾಂಕಿಗೂ ಕಳಿಸಬಹುದು, ಬಟ್ಟೆ ಅಂಗಡಿಗೂ ಕಳಿಸಬಹುದು. ಪರೀಕ್ಷೆ ಇಷ್ಟೇ: ಬೇರೆ ಕಂಪನಿಗೆ ಕಳಿಸಿದರೂ ಉತ್ತರ ಹೊಂದುವುದಾದರೆ, ಅದು 'ಏಕೆ' ಎಂಬ ಪ್ರಶ್ನೆಗೆ ಉತ್ತರವಲ್ಲ. ಕಂಪನಿ ದೊಡ್ಡದೆಂದು ಕಂಪನಿಯವರಿಗೆ ಗೊತ್ತೇ ಇದೆ. ಅವರಿಗೆ ಗೊತ್ತಿಲ್ಲದಿರುವುದು ನಾವು ಯಾರು, ಅವರ ಯಾವ ಕೆಲಸಕ್ಕೆ ಒದಗುತ್ತೇವೆ ಎಂಬುದು.

ಒಂದು ಉದಾಹರಣೆ ನೋಡೋಣ. ತೋರಣಗಲ್ಲಿನಲ್ಲಿರುವ, ನಾವೆಲ್ಲ ಜಿಂದಾಲ್ ಎಂದೇ ಕರೆಯುವ ಉಕ್ಕಿನ ಕಾರ್ಖಾನೆ ನಮಗೆ ಹತ್ತಿರದ್ದು. ಅಂಥ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಟ್ರೈನಿ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ ಎಂದು ಊಹಿಸಿಕೊಳ್ಳಿ. ಅದಿರಿನಲ್ಲಿ ಕಬ್ಬಿಣದ ಅಂಶ ಎಷ್ಟಿದೆ ಎಂದು ತಿಳಿಯಲು ಡೈಕ್ರೋಮೇಟ್ ಟೈಟ್ರೇಷನ್ ಹಳೆಯ, ಈಗಲೂ ಮಾನ್ಯವಾದ ವಿಧಾನ. ನಮ್ಮ ಲ್ಯಾಬಿನಲ್ಲಿ ಪರ್ಮ್ಯಾಂಗನೇಟಿನಿಂದ ಟೈಟ್ರೇಟ್ ಮಾಡುವ ಮೋರ್ ಲವಣದಲ್ಲಿ ಇರುವುದೂ ಕಬ್ಬಿಣವೇ. ಎರಡಕ್ಕೂ ತತ್ವ ಒಂದೇ. ಕಾರ್ಖಾನೆಯ ಕೆಲಸವೂ ನಮ್ಮ ಕಲಿಕೆಯೂ ಸೇರುವ ಜಾಗ ಇದು. ಉತ್ತರ ಇಲ್ಲಿಂದಲೇ ಶುರುವಾಗಬೇಕು:

'ಸಂಡೂರಿನ ಅದಿರು ನಿಮ್ಮ ಕುಲುಮೆಗೆ ಹೋಗುವ ಮೊದಲು ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಅಳೆಯುವ ಕೆಲಸ ಕಲಿಯಬೇಕೆಂದು ಅರ್ಜಿ ಹಾಕಿದ್ದೇನೆ. ಪಿಯುಸಿ ಪ್ರಾಯೋಗಿಕ ತರಗತಿಯಲ್ಲಿ ಮೋರ್ ಲವಣದ ದ್ರಾವಣವನ್ನು ಪರ್ಮ್ಯಾಂಗನೇಟ್‌ನಿಂದ ಟೈಟ್ರೇಟ್ ಮಾಡಿ, ರೀಡಿಂಗ್‌ಗಳು ಒಂದೇ ಬರುವವರೆಗೆ ಮತ್ತೆ ಮತ್ತೆ ಮಾಡುವುದನ್ನು ಕಲಿತಿದ್ದೇನೆ. ಮನೆ ಪಾಪಿನಾಯಕನಹಳ್ಳಿಯಲ್ಲಿದೆ, ಮೂರೂ ಪಾಳಿಗೆ ಬರಬಲ್ಲೆ.'

ಕೊನೆಯ ವಾಕ್ಯವನ್ನು ಗಮನಿಸಿ. 'ಮನೆಗೆ ಹತ್ತಿರ' ಎಂಬ ಕಾರಣ ಹೇಳಲು ನಾವು ನಾಚಿಕೊಳ್ಳುತ್ತೇವೆ. ಅದು ಸುಳ್ಳಲ್ಲ, ತಪ್ಪೂ ಅಲ್ಲ. ಆದರೆ ಅದು ನಮಗಾಗುವ ಅನುಕೂಲ. ಅದನ್ನೇ ಅವರಿಗಾಗುವ ಅನುಕೂಲವಾಗಿ, ಅಂದರೆ ರಾತ್ರಿ ಪಾಳಿಗೂ ಬರಬಲ್ಲೆವೆಂದು ಹೇಳಿದರೆ ಗಟ್ಟಿ ಕಾರಣವಾಗುತ್ತದೆ.

ಇನ್ನು ಲೆಕ್ಕ. ಮೇಲಿನ ಉತ್ತರ ಕನ್ನಡದಲ್ಲಿ 36 ಪದ. ಅದನ್ನೇ ಇಂಗ್ಲಿಷಿಗೆ ತಂದಾಗ 54 ಆಯಿತು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. 'ಪಾಪಿನಾಯಕನಹಳ್ಳಿಯಲ್ಲಿದೆ' ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಮೂರು ಪದ ಬೇಕು. ಹೀಗಾಗಿ ಕನ್ನಡದಲ್ಲಿ ಐವತ್ತು ಪದ ಬರೆದು ಅನುವಾದಿಸಿದರೆ ಮಿತಿ ದಾಟುವುದು ಖಂಡಿತ. ಕನ್ನಡದಲ್ಲಿ ಯೋಚಿಸಿ, ವಿಷಯಗಳನ್ನು ಮಾತ್ರ ಗುರುತು ಹಾಕಿಕೊಂಡು, ನೇರವಾಗಿ ಅರ್ಜಿಯ ಭಾಷೆಯಲ್ಲಿ ಬರೆಯುವುದು ಒಳ್ಳೆಯದು.

ಆ 54ರಲ್ಲಿ ಕತ್ತರಿಸಿದ್ದು ಏನನ್ನು? 'ಅಳೆಯುವ ಕೆಲಸ ಕಲಿಯಬೇಕೆಂದು ಅರ್ಜಿ ಹಾಕಿದ್ದೇನೆ' ಎಂಬುದನ್ನು 'ಅಳೆಯಲು ಕಲಿಯಬೇಕಿದೆ' ಎಂದು ಮಾಡಿದೆ. ಅರ್ಜಿ ಹಾಕಿರುವುದು ಅವರಿಗೆ ಕಾಣುತ್ತಲೇ ಇದೆ. ಅಲ್ಲಿ ಇಂಗ್ಲಿಷಿನ ಮೂರು ಪದ ಉಳಿಯಿತು. 'ದ್ರಾವಣ' ಎಂಬುದನ್ನು ಬಿಟ್ಟೆ. ಟೈಟ್ರೇಷನ್ ಬಲ್ಲವರಿಗೆ ಅದು ತಿಳಿದೇ ಇರುತ್ತದೆ. ಸರಿಯಾಗಿ ಐವತ್ತಾಯಿತು. ಮೋರ್ ಲವಣ, ರೀಡಿಂಗ್, ಪಾಳಿ ಇವನ್ನು ಮುಟ್ಟಲಿಲ್ಲ. ಮೊದಲು ಹೋಗಬೇಕಾದದ್ದು ಓದುವವರಿಗೆ ಗೊತ್ತಿರುವ ಮಾತು. ಕೊನೆಯವರೆಗೂ ಉಳಿಯಬೇಕಾದದ್ದು ನಾವು ಮಾತ್ರ ಹೇಳಬಲ್ಲ ಮಾತು.

ಮಿತಿ ಪದಗಳದ್ದೋ ಅಕ್ಷರಗಳದ್ದೋ ಎಂದು ಮೊದಲೇ ನೋಡಿಕೊಳ್ಳಿ. ಅಕ್ಷರ ಮಿತಿಯಲ್ಲಿ ಸಾಮಾನ್ಯವಾಗಿ ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಬೇರೆ ಕಡೆ ಬರೆದು ಪೇಸ್ಟ್ ಮಾಡಿದಾಗ ಕೆಲವು ಫಾರ್ಮ್‌ಗಳು ಮಿತಿ ಮೀರಿದ ಭಾಗವನ್ನು ಹೇಳದೆ ಕೇಳದೆ ಕತ್ತರಿಸಿಬಿಡುತ್ತವೆ. ಪೆಟ್ಟಿಗೆಯಲ್ಲಿ ಕೊನೆಯ ವಾಕ್ಯ ಪೂರ್ತಿ ಇದೆಯೇ ಎಂದು ನೋಡಿಯೇ ಸಬ್ಮಿಟ್ ಒತ್ತಿ.

ಮಾಡದ ಪ್ರಯೋಗವನ್ನು ಮಾತ್ರ ಬರೆಯಬೇಡಿ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಆ ಸಾಲಿನಿಂದಲೇ ಬರಬಹುದು: 'ಅಂತ್ಯಬಿಂದು ಬಂತೆಂದು ಹೇಗೆ ತಿಳಿಯಿತು?' ಬ್ಯೂರೆಟ್ ಹಿಡಿದವರು ಮಾಸದೆ ನಿಂತ ತಿಳಿ ಗುಲಾಬಿ ಬಣ್ಣವನ್ನು ಹೇಳುತ್ತಾರೆ. ಹಿಡಿಯದವರು ಮತ್ತೆ ಪೀಠಿಕೆಗೆ ಹೋಗುತ್ತಾರೆ.